ಪುಟ್ಟಿಯ ಶುಕ್ರ ಎಲ್ಲಿದ್ದಾನೆ?

ಮೆಲ್ಬರ್ನ್
ಭಾನುವಾರ, ಸಂಜೆ

ಪ್ರೀತಿಯ ಅಕ್ಕನಿಗೆ ನಮಸ್ಕಾರ. ಭಾವನಿಗೂ ನನ್ನ ನಮಸ್ಕಾರ ತಿಳಿಸು.

ನೀನು ಕಳಿಸಿದ ಎರಡೂ ಜಾತಕದ ಫೋಟೋ ನೋಡಿದೆ. ಊರಿನ ಜೋಯಿಸರು ಬರೆದದ್ದರಲ್ಲಿ ಪುಟ್ಟಿಯ ಶುಕ್ರ ತುಲೆಯಲ್ಲಿ, ಸ್ವಕ್ಷೇತ್ರ, ವರ್ಗೋತ್ತಮ ಅಂತಿದೆ. ಮೈಸೂರಿನವರು ಬರೆದದ್ದರಲ್ಲಿ ಅದೇ ಶುಕ್ರ ಕನ್ಯೆಯಲ್ಲಿ, ನೀಚ, ಅದೂ ವರ್ಗೋತ್ತಮ. ಹುಟ್ಟಿದ ದಿನ ಒಂದೇ, ಹೊತ್ತು ಒಂದೇ, ಊರೂ ಒಂದೇ. ಇದು ಹೇಗೆ ಅಂತ ಕೇಳಿದ್ದೀಯ. ಮದುವೆ ಮಾತಿನ ಹೊತ್ತಿನಲ್ಲಿ ನಿನಗೆ ಎಷ್ಟು ಕಳವಳ ಆಗಿರುತ್ತೆ ಅಂತ ಗೊತ್ತು. ನಿನ್ನೆ ಇಡೀ ರಾತ್ರಿ ಕೂತು ಲೆಕ್ಕ ಹಾಕಿದೆ. ಇಬ್ಬರೂ ತಪ್ಪು ಮಾಡಿಲ್ಲ ಅಕ್ಕ.

ಅಜ್ಜ ನನ್ನ ಕೈಬೆರಳು ಹಿಡಿದು ಹೇಳಿಕೊಟ್ಟದ್ದನ್ನು ಮೊದಲು ನೆನಪಿಸುತ್ತೇನೆ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳಿನ ಹನ್ನೆರಡು ಗೆಣ್ಣು, ಹನ್ನೆರಡು ರಾಶಿ. ಒಂದು ರಾಶಿಗೆ 30 ಡಿಗ್ರಿ. ಅದನ್ನು ಒಂಬತ್ತು ಪಾಲು ಮಾಡಿದರೆ ಒಂದೊಂದು ಪಾಲು 3 ಡಿಗ್ರಿ 20 ಕಲೆ. ಇದೇ ನವಾಂಶ, ಇದೇ ನಕ್ಷತ್ರದ ಒಂದು ಪಾದ. ಕನ್ಯೆಯ ಪಾಲುಗಳನ್ನು ಮಕರದಿಂದ ಎಣಿಸಬೇಕು. ಅಜ್ಜ ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಜಾರಿಸುತ್ತಾ ಮಕರ, ಕುಂಭ, ಮೀನ, ಮೇಷ ಅಂತ ಎಣಿಸುತ್ತಿದ್ದರು. ಒಂಬತ್ತನೆಯದಕ್ಕೆ ಬಂದಾಗ ಬೆರಳು ಮತ್ತೆ ಕನ್ಯೆಯ ಮೇಲೇ ಬಂದು ನಿಲ್ಲುತ್ತಿತ್ತು. "ನೋಡು, ಮನೆ ಬಿಟ್ಟು ಹೋದವನು ಮನೆಗೇ ಬಂದ" ಅನ್ನುತ್ತಿದ್ದರು. ರಾಶಿಯಲ್ಲೂ ನವಾಂಶದಲ್ಲೂ ಗ್ರಹ ಒಂದೇ ಮನೆಯಲ್ಲಿ ಇದ್ದರೆ ಅದು ವರ್ಗೋತ್ತಮ. ಚರ ರಾಶಿಗಳಲ್ಲಿ ಮೊದಲ ಪಾಲು, ಸ್ಥಿರ ರಾಶಿಗಳಲ್ಲಿ ನಡುವಿನ ಐದನೆಯದು, ದ್ವಿಸ್ವಭಾವ ರಾಶಿಗಳಲ್ಲಿ ಕೊನೆಯದು. ವರಾಹಮಿಹಿರನ ಬೃಹಜ್ಜಾತಕದಲ್ಲೂ ಹೀಗೇ ಇದೆ.

ಈಗ ಪುಟ್ಟಿಯ ಶುಕ್ರನ ವಿಷಯ. ರಾಶಿಚಕ್ರವನ್ನು ಆಕಾಶದಲ್ಲಿ ಎಲ್ಲಿಂದ ಎಣಿಸಬೇಕು ಅಂತ ತೀರ್ಮಾನಿಸುವ ಅಂತರಕ್ಕೆ ಅಯನಾಂಶ ಅನ್ನುತ್ತಾರೆ, ಅದರಲ್ಲಿ ಬೇರೆ ಬೇರೆ ಮತಗಳಿವೆ. ಮೈಸೂರಿನವರು ಲಾಹಿರಿ ಅಯನಾಂಶ ಹಿಡಿದಿದ್ದಾರೆ. ಅದರ ಪ್ರಕಾರ ಶುಕ್ರ ಕನ್ಯೆಯಲ್ಲಿ 28 ಡಿಗ್ರಿ 50 ಕಲೆ, ಅಂದರೆ ಚಿತ್ತಾ ಎರಡನೇ ಪಾದ, ಕನ್ಯೆಯ ಕೊನೆಯ ಪಾಲು. ನಮ್ಮ ಜೋಯಿಸರು ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶದವರು. ಎರಡಕ್ಕೂ ಸುಮಾರು 1 ಡಿಗ್ರಿ 27 ಕಲೆ ವ್ಯತ್ಯಾಸ. ರಾಮನ್ ಲೆಕ್ಕದಲ್ಲಿ ಎಲ್ಲ ಗ್ರಹಗಳೂ ಅಷ್ಟು ಮುಂದೆ ಹೋಗುತ್ತವೆ. ಹಾಗಾಗಿ ಶುಕ್ರ ಕನ್ಯೆ ದಾಟಿ ತುಲೆಯಲ್ಲಿ 0 ಡಿಗ್ರಿ 17 ಕಲೆಗೆ ಬಂದು ಕೂರುತ್ತಾನೆ. ಚಿತ್ತಾ ಮೂರನೇ ಪಾದ. ತುಲೆ ಚರ ರಾಶಿ, ಮೊದಲ ಪಾಲೇ ವರ್ಗೋತ್ತಮ. ಕನ್ಯೆಯ ಕೊನೆಯ ಪಾಲು, ತುಲೆಯ ಮೊದಲ ಪಾಲು ಅಕ್ಕಪಕ್ಕದಲ್ಲೇ ಇರುವುದರಿಂದ ಗಡಿ ದಾಟಿದರೂ ವರ್ಗೋತ್ತಮ ತಪ್ಪಲಿಲ್ಲ, ಆದರೆ ನೀಚ ಹೋಗಿ ಸ್ವಕ್ಷೇತ್ರ ಆಯಿತು. ಇಂಥ ಜೋಡಿ ಗಡಿ ಚಕ್ರದಲ್ಲಿ ನಾಲ್ಕೇ ಕಡೆ ಇದೆ: ಮಿಥುನ-ಕರ್ಕ, ಕನ್ಯಾ-ತುಲಾ, ಧನು-ಮಕರ, ಮೀನ-ಮೇಷ. ಪುಟ್ಟಿಯ ಶುಕ್ರ ಸರಿಯಾಗಿ ಅಲ್ಲೇ ಸಿಕ್ಕಿಕೊಂಡಿದ್ದಾನೆ.

ನೀಚ ಅಂತ ಕೇಳಿ ನೀನು ಹೆದರಿದ್ದೀಯ. ಮೈಸೂರಿನವರು "ವರ್ಗೋತ್ತಮ ಇದೆಯಲ್ಲ, ನೀಚದ ಮಾತೇ ಬಿಡಿ" ಅಂದರು ಅಂತಲೂ ಬರೆದಿದ್ದೀಯ. ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವರ್ಗೋತ್ತಮ ಗ್ರಹಕ್ಕೆ ಸ್ವಂತ ಮನೆಯಲ್ಲಿದ್ದಷ್ಟು ಬಲ ಅಂತ ಹೇಳುವುದು ರೂಢಿ. ಆಯುಸ್ಸು ಎಷ್ಟು ಅಂತ ನೋಡುವ ಆಯುರ್ದಾಯದ ಲೆಕ್ಕದಲ್ಲಿ ಅಂಥ ಗ್ರಹ ಕೊಡುವ ವರ್ಷಗಳನ್ನು ಎರಡರಿಂದ ಗುಣಿಸಬೇಕು ಅಂತ ಬೃಹಜ್ಜಾತಕವೂ ಹೇಳುತ್ತೆ. ಆದರೆ ಶುಕ್ರನ ಪರಮ ನೀಚ ಇರುವುದು ಕನ್ಯೆಯ 27ನೇ ಡಿಗ್ರಿಯಲ್ಲಿ. ಅವನ ಪರಮೋಚ್ಚ ಇರುವುದು ಮೀನದ 27ನೇ ಡಿಗ್ರಿಯಲ್ಲಿ. ಎರಡೂ ಬೀಳುವುದು ವರ್ಗೋತ್ತಮ ಪಾದದಲ್ಲೇ, ಒಂದು ಚಿತ್ತಾ ಎರಡು, ಇನ್ನೊಂದು ರೇವತಿ ನಾಲ್ಕು. ವರ್ಗೋತ್ತಮ ಒಂದೇ ನೀಚವನ್ನು ಅಳಿಸುವ ಹಾಗಿದ್ದರೆ ಶುಕ್ರ ಕನ್ಯೆಯಲ್ಲಿ ಅತಿ ದುರ್ಬಲ ಆಗುವ ಜಾಗವೇ ಅವನಿಗೆ ಬಲದ ಜಾಗ ಆಗಬೇಕಿತ್ತು. ನಾನು ತಿಳಿದಿರುವುದು ಇಷ್ಟು: ವರ್ಗೋತ್ತಮ ಗ್ರಹವನ್ನು ಗಟ್ಟಿ ಮಾಡುತ್ತೆ, ಅದರ ಗುಣ ಬದಲಾಯಿಸುವುದಿಲ್ಲ. ನೀಚ ವರ್ಗೋತ್ತಮಕ್ಕೆ ಭಂಗ ಬೇರೆ ಕಡೆಯಿಂದ ಬರಬೇಕು.

ಪುಟ್ಟಿಗೆ ಅದು ಬಂದಿದೆ. ಕನ್ಯೆಯ ಒಡೆಯ ಬುಧ ಅದೇ ಕನ್ಯೆಯಲ್ಲಿ 12ನೇ ಡಿಗ್ರಿಯಲ್ಲಿ ಉಚ್ಚನಾಗಿ ಕೂತಿದ್ದಾನೆ. ನೀಚನಾದವನ ಮನೆಯೊಡೆಯನೇ ಉಚ್ಚನಾಗಿ ಜೊತೆಯಲ್ಲಿದ್ದರೆ ನೀಚಭಂಗ. ರಾಮನ್ ಲೆಕ್ಕದಲ್ಲಿ ಬುಧ 13 ಡಿಗ್ರಿ 27 ಕಲೆಗೆ ಹೋದರೂ ಕನ್ಯೆ ಬಿಡುವುದಿಲ್ಲ, ಉಚ್ಚವೂ ಹೋಗುವುದಿಲ್ಲ. ಮೈಸೂರಿನವರ ಜಾತಕ ನಂಬಿದರೂ ಶುಕ್ರನಿಗೆ ಆಧಾರ ಇದೆ, ಜೋಯಿಸರದ್ದು ನಂಬಿದರೂ ಇದೆ. ನನಗೆ ಇದರಿಂದ ನಿಜವಾಗಿ ಸಮಾಧಾನ ಆಯಿತು.

ಯಾವ ಲೆಕ್ಕ ಹಿಡಿಯಬೇಕು ಅಂತ ನೀನು ಕೇಳೇ ಕೇಳುತ್ತೀಯ. ಅಜ್ಜ ದಶೆಯಿಂದ ಪರೀಕ್ಷೆ ಮಾಡುತ್ತಿದ್ದರು. ಪುಟ್ಟಿಯದು ಪುಷ್ಯ ನಕ್ಷತ್ರ, ಹುಟ್ಟುವಾಗ ಶನಿ ದಶೆ. ಅದರ ಪೂರ್ತಿ ಅವಧಿ 19 ವರ್ಷ, ಚಂದ್ರ ನಕ್ಷತ್ರದಲ್ಲಿ ದಾಟಿದಷ್ಟು ಪಾಲು ಹುಟ್ಟುವಾಗಲೇ ಕಳೆದಿರುತ್ತೆ. ಚಂದ್ರ 1 ಡಿಗ್ರಿ 27 ಕಲೆ ಸರಿದರೆ ಉಳಿದ ಶನಿ ದಶೆಯಲ್ಲಿ ಎರಡು ವರ್ಷಕ್ಕಿಂತ ತುಸು ಜಾಸ್ತಿಯೇ ಕಳೆದುಹೋಗುತ್ತೆ. ಲಾಹಿರಿಯಲ್ಲಿ ಬುಧ ದಶೆ ಅವಳ 11ನೇ ವಯಸ್ಸಿಗೆ ಶುರು, ರಾಮನ್‌ನಲ್ಲಿ 9ಕ್ಕೇ. ಅವಳು ಮನೆ ಬಿಟ್ಟು ವಸತಿ ಶಾಲೆಗೆ ಸೇರಿದ್ದು ಹನ್ನೊಂದಕ್ಕೆ ಅಲ್ಲವಾ? ಒಂದು ಘಟನೆ ಸಾಲದು. ಭಾವನನ್ನು ಕೇಳಿ ಇನ್ನೂ ಎರಡು ಮೂರು ದೊಡ್ಡ ಬದಲಾವಣೆಗಳ ತಿಂಗಳು, ವರ್ಷ ಬರೆದು ಕಳಿಸು.

ಲಗ್ನ ವರ್ಗೋತ್ತಮ ಅಂತ ಯಾರಾದರೂ ಹೇಳಿದರೆ ಮಾತ್ರ ಇನ್ನೂ ಹುಷಾರಾಗಿರು. ಲಗ್ನದ ಒಂದು ನವಾಂಶ ಸರಾಸರಿ 13 ನಿಮಿಷದಲ್ಲಿ ಮುಗಿದುಹೋಗುತ್ತೆ. ನಮ್ಮ ಚಿಂಟು ಹುಟ್ಟಿದಾಗ ನಾನು ಗಡಿಯಾರದ ಹೊತ್ತನ್ನು ಹಾಗೇ ಬರೆದು ಕಳಿಸಿದ್ದೆ. ಇಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆ ಮಾತು ಬರೆಯಲು ಮರೆತೆ. ಲಗ್ನ ವರ್ಗೋತ್ತಮ ಅಂತ ಜಾತಕ ಬಂತು, ಅಮ್ಮ ಎಷ್ಟು ಸಂತೋಷಪಟ್ಟರು. ಗಂಟೆ ಕಳೆದು ಲೆಕ್ಕ ಹಾಕಿಸಿದ ಮೇಲೆ ಅದು ಉಳಿಯಲಿಲ್ಲ. ಆ ಬೇಸರ ಇವತ್ತಿಗೂ ಇದೆ.

ಈಗ ನೀನು ಮಾಡಬೇಕಾದ್ದು ಒಂದೇ. ಹುಡುಗನ ಜಾತಕ ಒಂದು ಅಯನಾಂಶದ್ದು, ಪುಟ್ಟಿಯದು ಇನ್ನೊಂದರದ್ದು ಇಟ್ಟುಕೊಂಡು ಹೊಂದಾಣಿಕೆ ನೋಡಿಸಬೇಡ. ಹುಡುಗನ ಜಾತಕದ ಮೇಲ್ಗಡೆ, ಹುಟ್ಟಿದ ಊರಿನ ಹತ್ತಿರ, ಅಯನಾಂಶ ಅಂತ ಒಂದು ಸಾಲು ಇರುತ್ತೆ. ಪಂಚಾಂಗದ ಹೆಸರು ಮಾತ್ರ ಇದ್ದರೂ ಸರಿ. ಅದರ ಫೋಟೋ ತೆಗೆದು ಕಳಿಸು. ಎರಡನ್ನೂ ಒಂದೇ ಲೆಕ್ಕಕ್ಕೆ ತಂದು ಬುಧವಾರದ ಒಳಗೆ ಬರೆಯುತ್ತೇನೆ.

ಪುಟ್ಟಿಗೆ ನನ್ನ ಆಶೀರ್ವಾದ. ಅಮ್ಮನ ಮಂಡಿನೋವು ಹೇಗಿದೆ ಅಂತ ತಿಳಿಸು.

ನಿನ್ನ ತಮ್ಮ