ಈಸ್ಟರ್ ಬೆಳಗಿನ 54 ಸೆಕೆಂಡಿಗೆ ಕೈ ಹಚ್ಚಿದವರಿಗೆ

ಏಪ್ರಿಲ್ 5ರ ಬೆಳಗ್ಗೆ ನಮ್ಮ ಕನ್ನಡ ಸಭೆಯ ಚಾನೆಲ್‌ನಲ್ಲಿ ಬಂದ 54 ಸೆಕೆಂಡಿನ ಸೂರ್ಯೋದಯದ ವಿಡಿಯೊ ಸಂದೇಶಕ್ಕೆ ಹಲವರ ಕೈ ಸೇರಿದೆ. ಯಾರ ಕೈ ಎಲ್ಲಿ ತಾಗಿತು ಅನ್ನುವುದನ್ನು ಬಿಡಿಸಿ ಹೇಳಿದರೇ ವಂದನೆಗೆ ಅರ್ಥ. ಮುಂದಿನ ವರ್ಷ ಮಾಡುವವರಿಗೂ ಉಪಯೋಗವಾದೀತು.

ಮೊದಲ ವಂದನೆ, ಜುಹೂವಿನಲ್ಲಿ ತೆಗೆದ ಸೂರ್ಯಾಸ್ತವನ್ನು ಕಳಿಸಿ "ಇದನ್ನೇ ಹಿಂದುಮುಂದು ಮಾಡಿ ಹಾಕಿ" ಎಂದ ಹುಡುಗರಿಗೆ. ಅದನ್ನು ಬಳಸಲಿಲ್ಲ, ಆದರೆ ಅವರು ಕೇಳಿದ್ದರಿಂದಲೇ ವಿಷಯ ಬೆಳಕಿಗೆ ಬಂತು. ಮುಂಬೈಯ ಜುಹೂ, ಗಿರಗಾಂವ್, ಮರೀನ್ ಡ್ರೈವ್ ಎಲ್ಲವೂ ಪಡುವಣಕ್ಕೆ ಮುಖ ಮಾಡಿರುವುದರಿಂದ ಅಲ್ಲಿ ಸಮುದ್ರದ ಮೇಲೆ ಸೂರ್ಯ ಮುಳುಗುವುದು ಸಿಗುತ್ತದೆ, ಹುಟ್ಟುವುದು ಸಿಗುವುದಿಲ್ಲ. ತಿರುಗಿಸಿ ಹಾಕಿದರೆ ಸಿಕ್ಕಿಬೀಳುವುದು ಹೀಗೆ: ನಮ್ಮ ಭಾಗದಲ್ಲಿ ಹುಟ್ಟುವ ಸೂರ್ಯ ಮೇಲೇರುತ್ತ ಬಲಕ್ಕೆ ವಾಲುತ್ತಾನೆ, ಮುಳುಗುವವನೂ ಇಳಿಯುತ್ತ ಬಲಕ್ಕೇ ವಾಲುತ್ತಾನೆ. ಆದ್ದರಿಂದ ಹಿಂದುಮುಂದು ಮಾಡಿದ ಸೂರ್ಯಾಸ್ತದಲ್ಲಿ ಸೂರ್ಯ ಎಡಕ್ಕೆ ಏರುತ್ತಾನೆ. ಅಲೆಗಳು ದಡದಿಂದ ಕಡಲಿಗೆ ಹೊರಳುತ್ತವೆ, ಕಾಗೆಗಳು ಬಾಲ ಮುಂದಾಗಿ ಹಾರುತ್ತವೆ. ನೋಡುವವರಿಗೆ ಏನು ತಪ್ಪೆಂದು ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಹಾಗಾಗಿ ನಾವು ಆರಿಸಿದ್ದು ಮುಂಬೈಯಲ್ಲೇ ಮೂಡಣಕ್ಕೆ ತೆರೆದ ಶಿವಡಿ ಜೆಟ್ಟಿ. ನೀರಿನ ಲೆಕ್ಕ ಹೇಳಿಕೊಟ್ಟ ಅಲ್ಲಿನ ದೋಣಿಯವರಿಗೆ ಎರಡನೆಯ ವಂದನೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಮುಂಬೈಯಲ್ಲಿ ಭರತ ಬರುವುದು ನಡುಹಗಲು ಮತ್ತು ನಡುರಾತ್ರಿಯ ಹೊತ್ತಿಗೆ, ಬೆಳಗ್ಗೆ ಇಳಿತ. ಈಸ್ಟರ್ ಬರುವುದೇ ಹುಣ್ಣಿಮೆಯ ನಂತರದ ಭಾನುವಾರ. ಈ ವರ್ಷ ಹುಣ್ಣಿಮೆಯಾಗಿ ಮೂರೇ ದಿನಕ್ಕೆ ಹಬ್ಬ, ಅಂದರೆ ಹಬ್ಬದ ಬೆಳಗ್ಗೆ ಶಿವಡಿಯಲ್ಲಿ ಕೆಸರೇ ಕೆಸರು, ಬೆಳಕು ಹೊಳೆಯಲು ನೀರಿಲ್ಲ. ಅರ್ಧಚಂದ್ರದ ದಿನಗಳಲ್ಲಿ ಇದು ತಿರುಗಿ, ಬೆಳಗ್ಗೆ ಆರರ ಹೊತ್ತಿಗೆ ನೀರು ಏರಿರುತ್ತದೆ. ಅದಕ್ಕೇ ಚಿತ್ರೀಕರಣ ಹತ್ತು ದಿನ ಮೊದಲೇ, ಮಾರ್ಚ್ 26ಕ್ಕೆ. ಅಂದಿನ ಸೂರ್ಯೋದಯ ಸುಮಾರು 6:35ಕ್ಕೆ. ಆದರೆ ಆಚೆ ದಡದ ಗುಡ್ಡ ಮತ್ತು ಊರಿನ ಮಬ್ಬಿನಿಂದ ಬಿಂಬ ಕಣ್ಣಿಗೆ ಬೀಳಲು ಇನ್ನೂ ಹಲವು ನಿಮಿಷ ಬೇಕು. ಪಂಚಾಂಗದ ಹೊತ್ತಿಗೆ ಬಂದು "ಮೋಡ ಇದೆ" ಎಂದು ಫೋನ್ ಮಡಚಿಡುವವರು ಸೂರ್ಯನನ್ನು ಕಳಕೊಳ್ಳುವುದು ಇಲ್ಲೇ.

ಎರಡು ಫೋನು, ಎರಡು ಸ್ಟ್ಯಾಂಡು ಕೊಟ್ಟವರಿಗೂ ಉಪಕಾರ. ಎರಡು ಯಾಕೆ ಬೇಕಾಯಿತು ಅನ್ನುವುದಕ್ಕೆ ಒಂದು ಚಿಕ್ಕ ಗಣಿತವಿದೆ. ಮೊದಲ ಫೋನ್ 3 ಸೆಕೆಂಡಿಗೊಂದರಂತೆ 40 ನಿಮಿಷ ಚಿತ್ರ ತೆಗೆಯಿತು. ಒಟ್ಟು 800 ಚಿತ್ರ. ಸೆಕೆಂಡಿಗೆ 30ರಂತೆ ಓಡಿಸಿದರೆ ಸುಮಾರು 27 ಸೆಕೆಂಡಿನ ಟೈಮ್‌ಲ್ಯಾಪ್ಸ್. ಆಕಾಶ ಬಣ್ಣ ಬದಲಿಸುವುದಕ್ಕೆ ಈ ವೇಗ ಹದವಾಗಿದೆ. ಆದರೆ ಸೂರ್ಯನ ಬಿಂಬ ಅಂಚಿನಿಂದ ಪೂರ್ತಿ ಹೊರಬರಲು ಸುಮಾರು ಎರಡೂಕಾಲು ನಿಮಿಷ ಹಿಡಿಯುತ್ತದೆ, 90 ಪಟ್ಟು ವೇಗದಲ್ಲಿ ಅದು ಒಂದೂವರೆ ಸೆಕೆಂಡಿಗೆ ಮುಗಿದುಹೋಗುತ್ತದೆ. ಕಣ್ಣು ಮಿಟುಕಿಸಿದರೆ ಈಸ್ಟರೇ ತಪ್ಪಿತು! ಎರಡನೆಯ ಫೋನ್ ಸ್ವಲ್ಪ ಜೂಮ್ ಮಾಡಿ ಅದೇ ಹೊತ್ತನ್ನು ಸಾದಾ ವಿಡಿಯೊದಲ್ಲಿ ಹಿಡಿಯಿತು. ಅದನ್ನು 20 ಪಟ್ಟು ಓಡಿಸಿದಾಗ ಬಿಂಬಕ್ಕೆ ಸುಮಾರು 7 ಸೆಕೆಂಡು ಸಿಕ್ಕಿತು. ಒಂದು ವಾಕ್ಯ ಓದಿ ಉಸಿರು ಬಿಡಲು ಅಷ್ಟು ಸಾಕು.

ಫೋನನ್ನು ಅದರ ಪಾಡಿಗೆ ಬಿಟ್ಟರೆ ಬೆಳಕು ಹೆಚ್ಚಿದಂತೆಲ್ಲ ಅದು ಚಿತ್ರವನ್ನು ಮಂಕಾಗಿಸಿ ಸಮ ಮಾಡುತ್ತದೆ. ಕೇಸರಿ ಬಣ್ಣವನ್ನೂ ತಪ್ಪೆಂದು ತಿಳಿದು ಬೆಳ್ಳಗೆ ತಿದ್ದುತ್ತದೆ. ಫೋಕಸ್, ಬೆಳಕು, ಬಣ್ಣ ಮೂರನ್ನೂ ಲಾಕ್ ಮಾಡಬೇಕು. ಆದರೆ ನಸುಕಿಗೆ ಮಾಡಿದ ಲಾಕ್ ಬಿಸಿಲಿಗೆ ನಡೆಯದು, ಎಲ್ಲ ಸುಣ್ಣದ ಬಿಳಿಯಾಗುತ್ತದೆ. ಅದಕ್ಕೆ ನಡುವೆ ಒಮ್ಮೆ ನಿಲ್ಲಿಸಿ ಹೊಸದಾಗಿ ಲಾಕ್ ಮಾಡಿದ್ದು. ಎರಡು ತುಂಡುಗಳ ಬೆಸುಗೆಯನ್ನು ಸಂಕಲನದಲ್ಲಿ ಒಂದರೊಳಗೊಂದು ಕರಗಿಸಿ ಮುಚ್ಚಲಾಗಿದೆ. ಗೊತ್ತಾಗದಿದ್ದರೆ ಸಂಕಲನ ಮಾಡಿದ ತಂಗಿಗೆ ಶಾಬಾಸ್.

ದೊಡ್ಡ ಋಣ ನಮ್ಮ ಪಾಸ್ಟರ್ ಅವರದು. ಮೊದಲ ಕರಡಿನಲ್ಲಿ ಬಿಂಬ ಮೂಡುವ ಕ್ಷಣಕ್ಕೇ "ಎದ್ದಿದ್ದಾನೆ" ಎಂಬ ಮಾತು ಕೂಡಿಸಿತ್ತು. ಎಲ್ಲರೂ ಮಾಡುವುದೇ ಅದು. ಅವರು ಮಾರ್ಕನ 16ನೆಯ ಅಧ್ಯಾಯ ತೆರೆದಿಟ್ಟರು. ಅಲ್ಲಿ ಸಬ್ಬತ್ ಕಳೆದ ಮೇಲೆ ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ ಸುಗಂಧದ್ರವ್ಯ ಕೊಂಡುಕೊಳ್ಳುತ್ತಾರೆ. ವಾರದ ಮೊದಲ ದಿನ ಸೂರ್ಯ ಮೂಡಿದ ಹೊತ್ತಿಗೆ ಸಮಾಧಿಯ ಕಡೆ ಬರುತ್ತಾರೆ. ಆಗಲೂ ಅವರ ಬಾಯಲ್ಲಿರುವುದು ಕಲ್ಲನ್ನು ಉರುಳಿಸಿಕೊಡುವವರು ಯಾರು ಎಂಬ ಚಿಂತೆ. ಅಂದರೆ ಬೆಳಕು ಬಂದಾಗಿದೆ, ಸುದ್ದಿ ಇನ್ನೂ ತಿಳಿದಿಲ್ಲ. ಯೋಹಾನನಲ್ಲಾದರೆ ಮರಿಯಳು ಬರುವಾಗ ಇನ್ನೂ ಕತ್ತಲು. ಕರಡು ಎರಡನ್ನೂ ಕಲಸಿಬಿಟ್ಟಿತ್ತು. ಸೂರ್ಯೋದಯದ ಚಿತ್ರ ಇರುವುದರಿಂದ ಮಾರ್ಕನೊಬ್ಬನನ್ನೇ ಹಿಡಿದದ್ದು ಸರಿಯಾಯಿತು.

ಆಮೇಲೆ ನಿರೂಪಣೆ ತಾನಾಗಿ ಜೋಡಿಕೊಂಡಿತು. ಕತ್ತಲ ನೀರು, ದೋಣಿಯ ಹಗ್ಗ ತೋರುವ ಮೊದಲ 11 ಸೆಕೆಂಡಿಗೆ ದ್ರವ್ಯ ಕೊಂಡ ರಾತ್ರಿ. (ಆಕಾಶವನ್ನು ಬೇಕೆಂದೇ ತೋರಿಸಿಲ್ಲ: ಪಸ್ಕ ಹಬ್ಬ ಹುಣ್ಣಿಮೆಯದು, ಆ ರಾತ್ರಿ ತಿಂಗಳ ಬೆಳಕಿತ್ತು, ನಮ್ಮ ನಸುಕಿನಲ್ಲಿ ಚಂದ್ರನೇ ಇರಲಿಲ್ಲ.) ಆಕಾಶ ಕೆಂಪಾಗುವ 20 ಸೆಕೆಂಡಿಗೆ ಹೆಂಗಸರ ನಡಿಗೆ. ಬಿಂಬದ 7 ಸೆಕೆಂಡಿಗೆ ಒಂದೇ ಪ್ರಶ್ನೆ: "ಆ ಕಲ್ಲನ್ನು ನಮಗೆ ಉರುಳಿಸಿಕೊಡುವವರು ಯಾರು?" ಮತ್ತೆ ಎರಡು ಸೆಕೆಂಡು ಮೌನ. ಕೊನೆಗೆ ನೀರೆಲ್ಲ ಹೊಳೆಯುವಾಗ: "ತಲೆಯೆತ್ತಿ ನೋಡಿದರೆ ಕಲ್ಲು ಆಗಲೇ ಉರುಳಿತ್ತು. ಆತನು ಇಲ್ಲಿಲ್ಲ. ಎದ್ದಿದ್ದಾನೆ."

ಇದನ್ನು ಓದಿಕೊಟ್ಟ ಆಂಟಿಗೆ ಪ್ರಣಾಮ. ಕನ್ನಡದ ಪದಗಳು ಉದ್ದ. ನಿಧಾನವಾಗಿ ಓದಿದರೆ 54 ಸೆಕೆಂಡಿಗೆ 70 ಪದ ದಾಟುವುದಿಲ್ಲ, ಕರಡಿನಲ್ಲಿ ಅದರ ಇಮ್ಮಡಿ ಇತ್ತು. ಧಾರವಾಡದ ಕಡೆಯ ಅವರ ಎಳೆತವನ್ನು ತಿದ್ದದೆ ಹಾಗೇ ಬಿಟ್ಟಿದೆ, ಟಿವಿಯವರ ಕನ್ನಡಕ್ಕಿಂತ ಅದೇ ಹತ್ತಿರ. ಫ್ಯಾನ್ ಆರಿಸಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಅದರೆದುರು ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿದು ಓದಿದರು. ನೇರ ಹಿಡಿದರೆ ಮಹಾಪ್ರಾಣಗಳ ಗಾಳಿ ಮೈಕಿಗೆ ಬಡಿದು "ಸುಗಂಧ"ದ ಧ ಗುಡುಗುತ್ತದೆ.

ಹಾರ್ಮೋನಿಯಂ ನುಡಿಸಿದ ಅಣ್ಣನಿಂದ ದೊಡ್ಡ ತಲೆನೋವು ತಪ್ಪಿತು. ಹಳೆಯ ಕೀರ್ತನೆಯ ರಾಗ ಯಾರ ಸ್ವತ್ತೂ ಅಲ್ಲದಿರಬಹುದು, ಆದರೆ ಅದರ ರೆಕಾರ್ಡಿಂಗಿಗೆ ಒಡೆಯರಿರುತ್ತಾರೆ. ಅದನ್ನು ಎತ್ತಿ ಹಾಕಿದರೆ ಯೂಟ್ಯೂಬ್ ಹಬ್ಬದ ದಿನವೇ ಹಕ್ಕಿನ ತಕರಾರು ತೋರಿಸೀತು. ಪ್ರಶ್ನೆ ಬರುವಾಗ ಹಾರ್ಮೋನಿಯಂ ನಿಲ್ಲುತ್ತದೆ, ಮೌನದಲ್ಲಿ ಕೇಳುವುದು ಶಿವಡಿಯ ನೀರಿನ ಸದ್ದು ಮಾತ್ರ.

ತಪ್ಪೊಂದು ಉಳಿದಿದೆ. ಮೊದಲು ವಾಟ್ಸಾಪ್ ಗುಂಪಿಗೆ ಹೋದ ಪ್ರತಿಯಲ್ಲಿ "ಕ್ರಿಸ್ತ"ದ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ಸಂಕಲನದ ಆ್ಯಪ್‌ಗೆ ಕನ್ನಡದ ಒತ್ತು ಜೋಡಿಸಲು ಬಾರದಿರುವುದೇ ಕಾರಣ. ಅಕ್ಷರಗಳನ್ನು ಬೇರೆ ಕಡೆ ಬರೆದು ಚಿತ್ರವಾಗಿ ಉಳಿಸಿ ಮೇಲೆ ಅಂಟಿಸಿದ ಪ್ರತಿ ಚಾನೆಲ್‌ನಲ್ಲಿದೆ. ಬೆಳಗ್ಗೆ ಐದಕ್ಕೆ ಆ ತಪ್ಪನ್ನು ನೋಡಿ ಫೋನ್ ಮಾಡಿದ ಅಜ್ಜನಿಗೆ ಕೊನೆಯ ವಂದನೆ. ಹಳೆಯ ಪ್ರತಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಅಳಿಸಿ, ಚಾನೆಲ್‌ನದನ್ನೇ ಮುಂದೆ ಕಳಿಸಿ.