ವಿಷಯ: ಚೆನ್ನಾಗಿದ್ದ ಹಾರ್ಡ್ ಡಿಸ್ಕಿಗೆ ‘ಡೆಡ್’ ಅಂತ ಬರೆದುಕೊಟ್ಟ ಬಗ್ಗೆ

ಸರ್ವಿಸ್ ಸೆಂಟರ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ “ಟೆಕ್ನಿಷಿಯನ್ ಊಟಕ್ಕೆ ಹೋಗಿದ್ದಾರೆ” ಅಂದರು. ಇಷ್ಟು ಹೊತ್ತಿಗೆ ಕೈ ತೊಳೆದಿರಬಹುದು ಅಂತ ಈ ಪತ್ರ.

ಕಳೆದ ತಿಂಗಳು ನಿಮ್ಮಲ್ಲಿ ಧೂಳು ತೆಗೆಸಿ ತಂದ ಮೇಲೆ ನನ್ನ ಡಿಟಿಪಿ ಕಂಪ್ಯೂಟರ್ ಆಗಾಗ ಹ್ಯಾಂಗ್ ಆಗತೊಡಗಿತು. ಒಂದು ಬೆಳಿಗ್ಗೆ, ಫೈಲುಗಳೆಲ್ಲ ಇರುವ ಎರಡನೇ ಡಿಸ್ಕ್ ಬಯಾಸ್‌ನಲ್ಲೇ ಕಾಣಲಿಲ್ಲ. ಆದರೆ ಕಿವಿ ಇಟ್ಟರೆ ತಿರುಗುವ ಸದ್ದು ಕೇಳುತ್ತಿತ್ತು. ಟಕ್ ಟಕ್ ಅನ್ನುವ ಹೊಡೆತ ಇರಲಿಲ್ಲ.

ನಿಮ್ಮ ಕೌಂಟರಿನ ಹುಡುಗ ಬಯಾಸ್ ನೋಡಿದವನೇ, “ಡಿಸ್ಕ್ ಡೆಡ್ ಮೇಡಂ. ಡೇಟಾ ಬೇಕಂದ್ರೆ ₹9,500” ಅಂದ.

“ತಿರುಗ್ತಾ ಇದೆಯಲ್ಲಪ್ಪಾ?”

“ಫ್ಯಾನೂ ತಿರುಗುತ್ತೆ ಮೇಡಂ. ಅದ್ರಲ್ಲಿ ಡೇಟಾ ಇರುತ್ತಾ?”

ಹಿಂದಿದ್ದವರು ನಕ್ಕರು. ಚಾರ್ಜರ್ ಕೊಳ್ಳಲು ಬಂದಿದ್ದ ಹೈಸ್ಕೂಲ್ ಹುಡುಗನೂ ನಕ್ಕ. ಕೇಬಲ್ ಬದಲಿಸಿ ನೋಡು ಅಂದೆ. “ಯೂಟ್ಯೂಬ್ ನೋಡ್ಕೊಂಡು ಬಂದ್ರಾ? ತಿರುಗ್ತಿದೆ ಅಂದ್ಮೇಲೆ ಕೇಬಲ್ ಸರಿಯಿದೆ ಅಂತ ತಾನೇ?”

ಸಾಟಾ ಡಿಸ್ಕಿಗೆ ಕೇಬಲ್ ಎರಡು ಅನ್ನೋದು ನಿಮಗೆ ಗೊತ್ತೇ ಇದೆ, ಅಲ್ವಾ? 15 ಪಿನ್ನಿನದು ಪವರ್, 7 ಪಿನ್ನಿನದು ಡೇಟಾ. ಡಿಸ್ಕ್ ತಿರುಗಿದರೆ ಪವರ್ ಬಂತು ಅಂತ ಅಷ್ಟೇ ಅರ್ಥ. ಡೇಟಾ ಕೇಬಲ್ ಕೆಟ್ಟಿದ್ದರೂ ಅದು ತಿರುಗುತ್ತಲೇ ಇರುತ್ತದೆ. ಡಿಸ್ಕಿನ ಕಂಟ್ರೋಲರ್ ಬೋರ್ಡ್ ಅಥವಾ ಒಳಗಿನ ಹೆಡ್ ಹೋದರೂ ಹೀಗಾಗಬಹುದು, ಒಪ್ಪಿದೆ. ಆದರೆ ಯಾವುದು ಅಂತ ಬದಲಿಸಿ ನೋಡದೆ ಗೊತ್ತಾಗುವುದು ಹೇಗೆ?

ನಾನು ನೋಡಿದೆ. ಡಿಸ್ಕನ್ನು ಬಿಚ್ಚಿ, 12 ವೋಲ್ಟ್ ಅಡಾಪ್ಟರ್ ಇರುವ ಯುಎಸ್‌ಬಿ ಡಾಕ್‌ಗೆ ಹಾಕಿದೆ. ಎಲ್ಲ ಫೈಲೂ ತೆರೆದವು. ಅಲ್ಲಿಗೆ ಡಿಸ್ಕೂ ಅದರ ಬೋರ್ಡೂ ಪಾಸ್. ಹಳೇ ಕೇಬಲನ್ನು ಮದರ್‌ಬೋರ್ಡಿನ ಬೇರೆ ಪೋರ್ಟಿಗೆ ಹಾಕಿದರೆ ಕಾಣಲಿಲ್ಲ. ₹120ರ ಹೊಸ ಕೇಬಲನ್ನು ಹಳೇ ಪೋರ್ಟಿಗೇ ಹಾಕಿದೆ, ಕಂಡಿತು. ಪೋರ್ಟೂ ಪಾಸ್. ಹಳೇ ಕೇಬಲ್ ಕ್ಯಾಬಿನೆಟ್ ಬಾಗಿಲಿಗೆ ಸಿಕ್ಕು ಬುಡದಲ್ಲೇ ಮಡಚಿಹೋಗಿದೆ. ಬಾಗಿಲು ಹಾಕಿದ್ದು ನೀವು.

ಇನ್ನೂ ಅನುಮಾನವಿದ್ದರೆ ಡಿಸ್ಕನ್ನೇ ಕೇಳಿ. ಅದರ ಸ್ಮಾರ್ಟ್ ಪಟ್ಟಿಯಲ್ಲಿ 199ನೇ ಸಾಲು, UDMA CRC Error Count, 312 ತೋರಿಸುತ್ತಿದೆ. ಕೇಬಲ್ ದಾರಿಯಲ್ಲಿ ಡೇಟಾ ಕೆಟ್ಟಾಗ ಏರುವ ಲೆಕ್ಕ ಅದು, ಆಮೇಲೆ ಇಳಿಯುವುದಿಲ್ಲ. ಹೊಸ ಕೇಬಲ್ ಹಾಕಿದ ಮೇಲೆ ಒಂದೂ ಏರಿಲ್ಲ. ಕೆಟ್ಟ ಸೆಕ್ಟರುಗಳ ಸಾಲುಗಳಲ್ಲಿ ಸೊನ್ನೆ.

ನಿಮ್ಮ ಜಾಬ್ ಶೀಟಿನಲ್ಲಿ ‘ಕೇಬಲ್, ಪೋರ್ಟ್ ಬದಲಿಸಿ ಪರೀಕ್ಷಿಸಿದೆ’ ಅಂತ ಟಿಕ್ ಇದೆ. ಆದರೆ ಕಳೆದ ತಿಂಗಳು ನೀವೇ ಸ್ಕ್ರೂ ಮೇಲೆ ಅಂಟಿಸಿದ ಸೀಲ್, ನಾನು ಮನೆಯಲ್ಲಿ ಹರಿಯುವವರೆಗೆ ಹಾಗೇ ಇತ್ತು. ಬಾಗಿಲು ತೆಗೆಯದೆ ಕೇಬಲ್ ಬದಲಿಸುವ ವಿದ್ಯೆ ನಮಗೂ ಕಲಿಸಿ. ಹರಿಯುವ ಮೊದಲು ತೆಗೆದ ಫೋಟೋ ಲಗತ್ತಿಸಿದ್ದೇನೆ.

ಪರೀಕ್ಷೆಯ ₹500 ವಾಪಸ್ ಕೊಡಿ ಅಂತ ಕೇಳೋಣ ಅಂತಿದ್ದೆ. ಈಗ ಬೇಡ. 15 ದಿನದಲ್ಲಿ ಲಿಖಿತ ಕ್ಷಮೆ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ₹5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ನಿಮ್ಮ ಕೌಂಟರಿಗಿಂತ ಅಗ್ಗ. ಬರುವಾಗ ಆ ಹುಡುಗನನ್ನೂ ಕರೆತನ್ನಿ. ಫ್ಯಾನಿನ ಮಾತನ್ನು ಅಲ್ಲಿ ಇನ್ನೊಮ್ಮೆ ಹೇಳಲಿ.

ಇತಿ,
‘ಡೆಡ್’ ಡಿಸ್ಕಿನ ಒಡತಿ