ಮನೆ ಮಾರಿದವರು ಜುಲೈ 31ರೊಳಗೆ ಮಾಡಬೇಕಾದ ಬ್ಯಾಂಕ್ ಕೆಲಸ

ಎಲ್ಲರಿಗೂ ನಮಸ್ಕಾರ. ಈ ಮಾರ್ಚ್ 31ರೊಳಗೆ ಹುಬ್ಬಳ್ಳಿ-ಧಾರವಾಡದಲ್ಲಿ ಹಳೆ ಮನೆ ಮಾರಿ, ಇನ್ನೂ ಹೊಸ ಮನೆ ಕೊಳ್ಳದವರು ದಯವಿಟ್ಟು ಓದಿ.

ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಮನೆಯಾದರೆ, ಲಾಭವನ್ನು ಇನ್ನೊಂದು ಮನೆಗೆ ಹಾಕಿ ತೆರಿಗೆ ಉಳಿಸಬಹುದು. ಕೊಳ್ಳಲು ಮಾರಿದ ದಿನದಿಂದ ಎರಡು ವರ್ಷ, ಕಟ್ಟಿಸಲು ಮೂರು ವರ್ಷ ಸಮಯವಿದೆ. ಆದರೆ ಅಲ್ಲಿಯವರೆಗೆ ಹಣ ಎಲ್ಲಿರಬೇಕು ಎನ್ನುವುದೇ ಮುಖ್ಯ. ನಮ್ಮ ಅಣ್ಣ ಸಾದಾ ಎಫ್‌ಡಿಯಲ್ಲಿ ಇಟ್ಟು ತೊಂದರೆಗೆ ಸಿಕ್ಕಿದ. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ, ನಮ್ಮಲ್ಲಿ ಹೆಚ್ಚಿನವರಿಗೆ ಜುಲೈ 31, ಅದು 'ಕ್ಯಾಪಿಟಲ್ ಗೇನ್ಸ್ ಅಕೌಂಟ್ ಸ್ಕೀಮ್' ಖಾತೆಗೇ ಹೋಗಬೇಕು. ಎಲ್ಲ ಶಾಖೆಗಳಲ್ಲಿ ಈ ಖಾತೆ ತೆರೆಯುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಒಂದು ಲೆಕ್ಕ ನೋಡಿ. ವಿದ್ಯಾನಗರದ ಮನೆ 80 ಲಕ್ಷಕ್ಕೆ ಹೋಯಿತು, ಲಾಭ 45 ಲಕ್ಷ ಎನ್ನೋಣ. ಪೂರ್ತಿ 80 ಲಕ್ಷ ಹಾಕಬೇಕಿಲ್ಲ, 45 ಸಾಕು. 30 ಲಕ್ಷ ಈ ಖಾತೆಗೆ ಹಾಕಿ, ಉಳಿದ 15ಕ್ಕೆ ಆರ್‌ಇಸಿ ಅಥವಾ ಪಿಎಫ್‌ಸಿ ಎಂಬ ಸರ್ಕಾರಿ ಕಂಪನಿಗಳ ಕ್ಯಾಪಿಟಲ್ ಗೇನ್ಸ್ ಬಾಂಡ್ ಕೊಳ್ಳಬಹುದು. ಏನೂ ಮಾಡದಿದ್ದರೆ 12.5% ದರದಲ್ಲಿ ಸುಮಾರು 5.6 ಲಕ್ಷ ತೆರಿಗೆ, ಮೇಲೆ ಸೆಸ್.

ಬಾಂಡ್‌ಗೆ ಗಡುವು ಬೇರೆ: ಮಾರಿದ ದಿನದಿಂದ ಆರೇ ತಿಂಗಳು, ಮಿತಿ 50 ಲಕ್ಷ. ಐದು ವರ್ಷ ಹಣ ತೆಗೆಯಲಾಗದು, ಬಡ್ಡಿಗೂ ತೆರಿಗೆ ಇದೆ. ಮಗಳ ಮದುವೆ ಹತ್ತಿರವಿದ್ದವರು ಯೋಚಿಸಿ ಹಾಕಿ. ಹೊಸ ಮನೆಯನ್ನೂ ಮೂರು ವರ್ಷ ಮಾರಬೇಡಿ, ಮಾರಿದರೆ ಉಳಿಸಿದ ತೆರಿಗೆ ಮತ್ತೆ ತಲೆ ಮೇಲೆ ಬರುತ್ತದೆ.

ನಿಮ್ಮ ನೋಂದಣಿ ದಿನಾಂಕ ಮಾತ್ರ ನನಗೆ ಖಾಸಗಿಯಾಗಿ ಭಾನುವಾರದೊಳಗೆ ಕಳಿಸಿ. ಯಾರ ಗಡುವು ಹತ್ತಿರವಿದೆಯೋ ಅವರ ಜೊತೆ ನಾನೇ ಬ್ಯಾಂಕಿಗೆ ಬರುತ್ತೇನೆ.